ಒಂದೇ ದಿನ, ಒಬ್ಬರೇ ಸಹೋದ್ಯೋಗಿ: ಎಷ್ಟು ಸಲ ಸಲಾಂ ಹೇಳುವುದು?

ಬೆಳಿಗ್ಗೆ ಅಂಗಡಿಯ ಶಟರ್ ತೆರೆಯುವಾಗ ಸಲಾಂ ಹೇಳಿ, ಕೈ ಕೊಟ್ಟು, ಮನೆಯ ಸುದ್ದಿ ಕೇಳಿ ಆಯಿತು. ಅರ್ಧ ಗಂಟೆ ಕಳೆದು ಅದೇ ಮನುಷ್ಯ ಮೆಟ್ಟಿಲಲ್ಲಿ ಎದುರು ಬರುತ್ತಾನೆ. ಈಗ ಎಂತ ಹೇಳುವುದು? ಇನ್ನೊಮ್ಮೆ ಸಲಾಂ ಹೇಳಿದರೆ 'ಆಗಲೇ ಹೇಳಿದ್ದಲ್ವಾ' ಅಂದುಕೊಂಡಾನು, ಹೇಳದಿದ್ದರೆ ಮುಖ ತಿರುಗಿಸಿದ ಹಾಗೆ ಆಗುತ್ತದೆ. ಮಧ್ಯಾಹ್ನದೊಳಗೆ ಇಂಥ ಭೇಟಿ ಏಳೆಂಟು ಸಲ ಆಗುತ್ತದೆ. ಹೆಚ್ಚಿನ ಯುವಕರು ಇದಕ್ಕೆ ಕಂಡುಕೊಂಡ ದಾರಿ ಒಂದೇ: ಕಿಸೆಯಿಂದ ಮೊಬೈಲ್ ತೆಗೆದು, ಇಲ್ಲದ ಮೆಸೇಜ್ ಓದುತ್ತಾ ದಾಟಿ ಹೋಗುವುದು.

ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರದ ಅಂಗಡಿ, ಆಸ್ಪತ್ರೆ, ಶಾಲೆ, ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ, ಗಲ್ಫ್‌ನಲ್ಲಿ ಒಂದೇ ರೂಮಿನಿಂದ ಒಂದೇ ಕಂಪೆನಿಗೆ ಹೋಗುವವರಿಗೆ ಇದು ದಿನನಿತ್ಯದ ಪೇಚು. ಚಿಕ್ಕ ವಿಷಯ ಅಂತ ಕಾಣಬಹುದು. ಆದರೆ ಕೆಲಸದ ಜಾಗದಲ್ಲಿ 'ಆ ಹುಡುಗನಿಗೆ ಸ್ವಲ್ಪ ಜಂಬ' ಎಂಬ ಹೆಸರು ಬರುವುದು ಹೆಚ್ಚಾಗಿ ಇಂಥ ಕಡೆಯಿಂದಲೇ. ಹಾಗೆ ಹೆಸರು ಬಂದದ್ದು ಆ ಹುಡುಗನಿಗೆ ಗೊತ್ತೂ ಆಗುವುದಿಲ್ಲ.

ಸಲಾಮಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಹದೀಸ್ ಮತ್ತು ಫಿಕ್‌ಹ್ ಗ್ರಂಥಗಳು ಬಹಳ ಹಿಂದೆಯೇ ಎತ್ತಿಕೊಂಡಿವೆ. ಅದೂ ಸಾಕಷ್ಟು ಬಿಡಿಸಿ.

ಮರ, ಗೋಡೆ, ಕಲ್ಲು

ಇಮಾಮ್ ಅಬೂದಾವೂದ್ (ರ) ತಮ್ಮ ಸುನನ್‌ನಲ್ಲಿ ಅಬೂಹುರೈರಾ (ರ) ಅವರಿಂದ ಬಂದ ಒಂದು ಹದೀಸ್ ಕೊಡುತ್ತಾರೆ. ಅದರ ಆಶಯ ಹೀಗೆ: ನಿಮ್ಮಲ್ಲೊಬ್ಬ ತನ್ನ ಸಹೋದರನನ್ನು ಭೇಟಿಯಾದರೆ ಸಲಾಂ ಹೇಳಬೇಕು. ಅವರಿಬ್ಬರ ನಡುವೆ ಒಂದು ಮರವೋ ಗೋಡೆಯೋ ಕಲ್ಲೋ ಅಡ್ಡ ಬಂದು, ಅದನ್ನು ದಾಟಿ ಮತ್ತೆ ಎದುರಾದರೆ ಆಗಲೂ ಸಲಾಂ ಹೇಳಬೇಕು. ಸಹಾಬಿಗಳು ಇದನ್ನು ಹಾಗೆಯೇ ಪಾಲಿಸುತ್ತಿದ್ದರು ಎಂಬುದಕ್ಕೆ ಅನಸ್ (ರ) ಅವರ ವರದಿ ಉಂಟು. ಒಟ್ಟಿಗೆ ನಡೆದು ಹೋಗುವಾಗ ದಾರಿಯಲ್ಲಿ ಒಂದು ಮರ ಸಿಕ್ಕಿ ಕೆಲವರು ಬಲಕ್ಕೆ, ಕೆಲವರು ಎಡಕ್ಕೆ ಸರಿದರೆ, ಆಚೆ ಬದಿ ಸೇರಿದ ಕೂಡಲೇ ಪರಸ್ಪರ ಸಲಾಂ ಹೇಳುತ್ತಿದ್ದರಂತೆ. ಮರ ದಾಟಲು ಎಷ್ಟು ಹೊತ್ತು ಬೇಕು? ಎರಡು ಕ್ಷಣ.

ಇನ್ನೊಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಮದ್ರಸದಲ್ಲಿ ಕಲಿತವರಿಗೆ ಇದು ನೆನಪಿರಬಹುದು. ಒಬ್ಬ ವ್ಯಕ್ತಿ ಮಸೀದಿಗೆ ಬಂದು ಅವಸರದಲ್ಲಿ ನಮಾಝ್ ಮುಗಿಸಿ ಪ್ರವಾದಿ (ಸ) ಅವರ ಬಳಿ ಬಂದು ಸಲಾಂ ಹೇಳಿದ. ಪ್ರವಾದಿ (ಸ) ಸಲಾಂ ಮರಳಿಸಿ, ಅವನ ನಮಾಝ್ ಸರಿಯಾಗಲಿಲ್ಲ, ಹೋಗಿ ಮತ್ತೆ ನಿರ್ವಹಿಸಿ ಬಾ ಎಂದರು. ಅವನು ಅದೇ ಮಸೀದಿಯ ಇನ್ನೊಂದು ಬದಿಗೆ ಹೋಗಿ, ನಮಾಝ್ ಮಾಡಿ, ಬಂದು ಮತ್ತೆ ಸಲಾಂ ಹೇಳಿದ. ಹೀಗೆ ಮೂರು ಸಲ ಆಯಿತು. ಈ ಹದೀಸನ್ನು ನಾವು ಸಾಮಾನ್ಯವಾಗಿ ನಮಾಝಿನ ಅಚ್ಚುಕಟ್ಟು ಕಲಿಸಲು ಹೇಳುತ್ತೇವೆ. ಆದರೆ 13ನೇ ಶತಮಾನದ ಶಾಫಿಈ ವಿದ್ವಾಂಸ ಇಮಾಮ್ ನವವಿ (ರ) 'ರಿಯಾಳುಸ್ಸಾಲಿಹೀನ್'ನಲ್ಲಿ ಇದೇ ಹದೀಸನ್ನು ಬೇರೆಯೇ ಒಂದು ಅಧ್ಯಾಯಕ್ಕೆ ಸೇರಿಸಿದ್ದಾರೆ: ಸ್ವಲ್ಪ ಹೊತ್ತಿನೊಳಗೆ ಮತ್ತೆ ಮತ್ತೆ ಭೇಟಿಯಾಗುವವರಿಗೆ ಸಲಾಂ ಪುನರಾವರ್ತಿಸುವುದರ ಬಗ್ಗೆ ಇರುವ ಅಧ್ಯಾಯ ಅದು. ಒಬ್ಬ ಒಳಗೆ ಬಂದು, ಹೊರಗೆ ಹೋಗಿ, ಕೂಡಲೇ ಮತ್ತೆ ಒಳಗೆ ಬಂದರೂ ಸಲಾಂ ಹೇಳುವುದು ಒಳ್ಳೆಯದು ಎಂಬುದು ಆ ಅಧ್ಯಾಯದ ತಲೆಬರಹದಲ್ಲೇ ಇದೆ. ನವವಿಯವರ ಕಣ್ಣು ಬಿದ್ದದ್ದು ಒಂದು ಸಣ್ಣ ವಿವರದ ಮೇಲೆ. ಮೂರನೇ ಸಲವೂ ಪ್ರವಾದಿ (ಸ) ಸಲಾಂ ಮರಳಿಸಿದರು. 'ಈಗಷ್ಟೇ ಹೇಳಿದ್ದಿಯಲ್ಲ' ಎನ್ನಲಿಲ್ಲ.

ಇಲ್ಲಿ 'ಅಡ್ಡ ಬರುವುದು' ಎಂಬುದೇ ಅಳತೆಗೋಲು. ಗಡಿಯಾರದ ಲೆಕ್ಕ ಇಲ್ಲ. ಒಂದೇ ಕೌಂಟರಿನ ಹಿಂದೆ ಅಕ್ಕಪಕ್ಕ ನಿಂತ ಇಬ್ಬರು ಎರಡು ಗಂಟೆ ಕಳೆದರೂ ಬೇರೆಯಾದವರಲ್ಲ. ಅವರ ನಡುವೆ ಹೊಸ ಸಲಾಮಿನ ಪ್ರಶ್ನೆ ಬರುವುದಿಲ್ಲ. ಒಬ್ಬ ಗೋಡೌನಿಗೆ ಹೋಗಿ ಹತ್ತು ನಿಮಿಷದಲ್ಲಿ ವಾಪಸ್ ಬಂದರೆ ಅದು ಹೊಸ ಭೇಟಿ. ಇಂದಿನ ಮರ, ಗೋಡೆ, ಕಲ್ಲು ಎಂದರೆ ಲಿಫ್ಟಿನ ಬಾಗಿಲು, ಕ್ಯಾಬಿನ್, ಮೆಟ್ಟಿಲಿನ ತಿರುವು, ಚಾ ಕುಡಿಯಲು ಹೋದ ಹೋಟೆಲ್.

ಕಷ್ಟ ಮಾತಿನಲ್ಲಿದೆ, ಭೇಟಿಯಲ್ಲಲ್ಲ

ಹಾಗಾದರೆ ಇಷ್ಟು ಸಂಕೋಚ ಯಾಕೆ? ನಾವು ದಿನವಿಡೀ ಬಳಸುವ ಬೇರೆ ವಂದನೆಗಳನ್ನು ಸ್ವಲ್ಪ ನೋಡಿದರೆ ಕಾರಣ ಗೊತ್ತಾಗುತ್ತದೆ. 'ಗುಡ್ ಮಾರ್ನಿಂಗ್' ಗಂಟೆಗೆ ಕಟ್ಟಿ ಹಾಕಿದ ಮಾತು. ಒಬ್ಬನಿಗೇ ಅದನ್ನು ಎರಡನೇ ಸಲ ಹೇಳಿದರೆ ಮೊದಲು ಹೇಳಿದ್ದು ಮರೆತ ಹಾಗೆ ಕೇಳಿಸುತ್ತದೆ. 'ಹೇಗಿದ್ದೀರಿ' ಒಂದು ಪ್ರಶ್ನೆ. ಉತ್ತರ ಸಿಕ್ಕಿದ ಮೇಲೆ ಮತ್ತೆ ಕೇಳಿದರೆ ಮೊದಲಿನ ಉತ್ತರವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಆಗುತ್ತದೆ. ನಮ್ಮ ಕಡೆಯ 'ಊಟ ಆಯ್ತಾ', ತುಳುವಿನ 'ಒಣಸ್ ಆಂಡಾ', ಮಲಯಾಳದ 'ಚಾಯ ಕುಡಿಚ್ಚಾ', ಇವೆಲ್ಲ ಬಹಳ ಪ್ರೀತಿಯ ಮಾತುಗಳೇ. ಆದರೆ ಒಂದೊಂದೂ ಒಂದೊಂದು ಹೊತ್ತಿಗೆ ಒಮ್ಮೆ ಮಾತ್ರ ನಡೆಯುತ್ತದೆ.

ಸಲಾಂ ಇದ್ಯಾವುದೂ ಅಲ್ಲ. ಅದು ಪ್ರಶ್ನೆಯೂ ಅಲ್ಲ, ಹೊತ್ತಿನ ಸೂಚನೆಯೂ ಅಲ್ಲ. ಅದು ದುಆ. ನಿಮ್ಮ ಮೇಲೆ ಶಾಂತಿ ಇರಲಿ ಎಂದು ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಹಳತಾಗುವುದಿಲ್ಲ. ಹೊಸ ಸುದ್ದಿ ಇರಬೇಕಾಗಿಲ್ಲ, ಉತ್ತರಕ್ಕಾಗಿ ನಿಲ್ಲಬೇಕಾಗಿಲ್ಲ. ಎರಡು ಪದಕ್ಕೆ ಎರಡು ಪದ, ಇಬ್ಬರೂ ಕಾಲು ನಿಲ್ಲಿಸದೆ ದಾಟಬಹುದು. ಎರಡನೇ ಸಲಾಮಿನಲ್ಲಿ ಮುಜುಗರ ಆಗುವುದು ಅದನ್ನು 'ಗುಡ್ ಮಾರ್ನಿಂಗ್' ಹಾಗೆ ಎಣಿಸಿದಾಗ.

ಸಅದ್ ಬಿನ್ ಉಬಾದಃ (ರ) ಅವರ ಒಂದು ಘಟನೆ ಅಬೂದಾವೂದ್‌ನಲ್ಲಿ ಉಂಟು. ಪ್ರವಾದಿ (ಸ) ಅವರ ಮನೆ ಬಾಗಿಲಿಗೆ ಬಂದು ಸಲಾಂ ಹೇಳಿದರು. ಸಅದ್ ಬೇಕೆಂದೇ ಬಹಳ ಮೆಲ್ಲಗೆ, ಹೊರಗೆ ಕೇಳಿಸದ ಹಾಗೆ ಮರಳಿಸಿದರು. ಪ್ರವಾದಿ (ಸ) ಮತ್ತೆ ಹೇಳಿದರು, ಮತ್ತೆ ಮೆಲ್ಲಗಿನ ಉತ್ತರ. ಮೂರನೆಯದೂ ಹಾಗೆಯೇ. ಪ್ರವಾದಿ (ಸ) ಹಿಂತಿರುಗಿ ಹೊರಟಾಗ ಸಅದ್ ಓಡಿ ಹೋಗಿ ವಿಷಯ ಹೇಳಿದರು: ತಾವು ಎಲ್ಲವನ್ನೂ ಕೇಳಿಸಿಕೊಂಡಿದ್ದೆವು, ತಮ್ಮಿಂದ ಇನ್ನಷ್ಟು ಸಲಾಂ ಸಿಗಲಿ ಅಂತ ಮೆಲ್ಲಗೆ ಮರಳಿಸಿದ್ದು. ಪುನಃ ಪುನಃ ಬರುವ ಸಲಾಮನ್ನು ಆ ಕಾಲದವರು ಎಂಥ ಕಣ್ಣಿನಿಂದ ನೋಡುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ. (ಇದನ್ನು ನೋಡಿ ಯಾರೂ ಆಫೀಸಿನಲ್ಲಿ ಬೇಕೆಂದೇ ಮೆಲ್ಲಗೆ ಉತ್ತರಿಸಬೇಡಿ. ಸಾಮಾನ್ಯ ನಿಯಮ, ಹೇಳಿದವನಿಗೆ ಕೇಳಿಸುವಷ್ಟು ಸ್ವರದಲ್ಲಿ ಮರಳಿಸಬೇಕು ಎಂದೇ.)

ಯಾರು ಮೊದಲು, ಎಷ್ಟು ಕಡ್ಡಾಯ

ಸಲಾಂ ಹೇಳಲು ತೊಡಗುವುದು ಸುನ್ನತ್, ಮರಳಿಸುವುದು ಕಡ್ಡಾಯ. ಒಬ್ಬನೇ ಇದ್ದಾಗ ಅವನೇ ಮರಳಿಸಬೇಕು. ಒಂದು ಗುಂಪಿಗೆ ಹೇಳಿದ್ದಾದರೆ ಅವರಲ್ಲಿ ಒಬ್ಬ ಮರಳಿಸಿದರೆ ಸಾಕಾಗುತ್ತದೆ, ಎಲ್ಲರೂ ಮರಳಿಸಿದರೆ ಒಳ್ಳೆಯದು. ಮರಳಿಸುವುದು ಕೂಡಲೇ ಆಗಬೇಕು. ಕೈಯಲ್ಲಿರುವ ಬಿಲ್ ಮುಗಿಸಿ ಆಮೇಲೆ ಹೇಳಿದರೆ ಅದು ಉತ್ತರವಾಗುವುದಿಲ್ಲ.

ಯಾರು ಮೊದಲು ಹೇಳಬೇಕು ಎಂಬುದಕ್ಕೆ ಬುಖಾರಿಯಲ್ಲಿ ಕ್ರಮ ಉಂಟು: ವಾಹನದಲ್ಲಿರುವವನು ನಡೆಯುವವನಿಗೆ, ನಡೆಯುವವನು ಕೂತವನಿಗೆ, ಸಣ್ಣ ಗುಂಪು ದೊಡ್ಡ ಗುಂಪಿಗೆ, ಕಿರಿಯ ಹಿರಿಯನಿಗೆ. ಕೆಲಸದ ಜಾಗದಲ್ಲಿ ಇದರಿಂದ ದೊಡ್ಡ ಉಪಕಾರ ಆಗುತ್ತದೆ, ಯಾಕೆಂದರೆ 'ಅವನು ಹೇಳಲಿ ಅಂತ ನಾನು, ನಾನು ಹೇಳಲಿ ಅಂತ ಅವನು' ಎಂಬ ಕಾಯುವಿಕೆ ತಪ್ಪುತ್ತದೆ. ಎರಡು ನಿಯಮ ಒಟ್ಟಿಗೆ ಬಂದರೆ? ಯಜಮಾನ ನಡೆದು ಬರುತ್ತಿದ್ದಾನೆ, ಹುಡುಗ ಕೂತಿದ್ದಾನೆ. ಆಗ ಬರುವವನೇ ತೊಡಗುವುದು ಎಂದು ನವವಿ (ರ) ಹೇಳುತ್ತಾರೆ, ಬರುವವನು ಕಿರಿಯನಾಗಲಿ ಹಿರಿಯನಾಗಲಿ. ಹಿರಿಯ-ಕಿರಿಯ ಲೆಕ್ಕ ಬರುವುದು ಇಬ್ಬರೂ ನಡೆಯುತ್ತಾ ದಾರಿಯಲ್ಲಿ ಎದುರಾದಾಗ. ಇಬ್ಬರೂ ಒಂದೇ ಕ್ಷಣ ಬಾಯಿ ತೆರೆದು ಸಲಾಂ ಹೇಳಿದರೆ ನಕ್ಕು ಬಿಡುವುದು ನಮ್ಮ ಕ್ರಮ. ಫಿಕ್‌ಹ್ ಪ್ರಕಾರ ಇಬ್ಬರೂ ಮರಳಿಸಬೇಕು.

ಈಗ ಮಿತಿಯ ವಿಷಯ. ಅಬ್ದುಲ್ಲಾಹ್ ಬಿನ್ ಉಮರ್ (ರ) ಏನನ್ನೂ ಕೊಳ್ಳದೆ, ಮಾರದೆ ಪೇಟೆಗೆ ಹೋಗಿ ಸಿಕ್ಕಿದ ಎಲ್ಲರಿಗೂ ಸಲಾಂ ಹೇಳಿ ಬರುತ್ತಿದ್ದರು ಎಂದು ಇಮಾಮ್ ಮಾಲಿಕ್ (ರ) ಅವರ 'ಮುವತ್ತ'ದಲ್ಲಿದೆ. ಒಟ್ಟಿಗೆ ಇದ್ದ ತುಫೈಲ್, ಪೇಟೆಯಲ್ಲಿ ನಮಗೆ ಕೆಲಸವೇ ಇಲ್ಲವಲ್ಲ ಎಂದು ಕೇಳಿದ್ದಕ್ಕೆ, ನಾವು ಹೋಗುವುದೇ ಸಲಾಮಿಗಾಗಿ ಎಂದರಂತೆ. ಆದರೆ ಅದು ಸಲಾಮಿಗೆಂದೇ ಹೊರಟವರ ಮಾತು. ಕೆಲಸಕ್ಕೆಂದು ಹೊರಟವರ ಬಗ್ಗೆ ಶಾಫಿಈ ವಿದ್ವಾಂಸ ಮಾವರ್ದಿ (ರ) ಹೇಳಿದ್ದನ್ನು ನವವಿ (ರ) 'ಅಲ್ ಅದ್ಕಾರ್'ನಲ್ಲಿ ಎತ್ತಿ ಕೊಟ್ಟಿದ್ದಾರೆ. ಜನ ತುಂಬಿದ ಪೇಟೆಯಲ್ಲೋ ಬೀದಿಯಲ್ಲೋ ನಡೆಯುವವನು ಎದುರಾದ ಪ್ರತಿಯೊಬ್ಬನಿಗೂ ಹೇಳುತ್ತಾ ಹೋದರೆ ಬಂದ ಕೆಲಸ ಕೆಡುತ್ತದೆ, ವಾಡಿಕೆಗೂ ಹೊರತಾಗುತ್ತದೆ. ಆದ್ದರಿಂದ ಅಲ್ಲಿ ಕೆಲವರಿಗೆ ಹೇಳಿ ಕೆಲವರನ್ನು ಬಿಡಬಹುದು. ದಿನಕ್ಕೆ ಇಪ್ಪತ್ತು ಸಲ ಎದುರಾಗುವ ಸಹೋದ್ಯೋಗಿಯ ವಿಷಯದಲ್ಲಿ ಈ ಮಾತಿನಿಂದ ಉಸಿರಾಡಲು ಜಾಗ ಸಿಗುತ್ತದೆ. ಪುನಃ ಸಲಾಂ ಹೇಳುವುದು ಸುನ್ನತ್. ಅದು ಒಂದು ಸಲ ತಪ್ಪಿದರೆ ಪಾಪವಲ್ಲ. ಆದರೆ ಅವನು ಹೇಳಿದ್ದನ್ನು ಮರಳಿಸದೆ ಬಿಡಲು ಆಗುವುದಿಲ್ಲ.

ಒಂದು ಜವಳಿ ಅಂಗಡಿಯ ದಿನ

ಇದೆಲ್ಲ ಕೆಲಸದ ಮಧ್ಯೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಜವಳಿ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಹೆದ್ದಾರಿ ಬದಿ, ಎರಡು ಮಹಡಿ. ಕೆಳಗೆ ಬಿಲ್ಲಿಂಗ್ ಕೌಂಟರಿನಲ್ಲಿ ಐವತ್ತು ದಾಟಿದ ಒಬ್ಬರು, ಎಲ್ಲರೂ 'ಇಚ್ಚ' ಎನ್ನುವುದು. ಮೇಲೆ ರೆಡಿಮೇಡ್ ವಿಭಾಗದಲ್ಲಿ ಇಪ್ಪತ್ತೆರಡರ ಒಬ್ಬ ಹುಡುಗ. ನಡುವೆ ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಷ್ಟು ಕಿರಿದಾದ ಮೆಟ್ಟಿಲು.

ಬೆಳಿಗ್ಗೆ ಒಂಬತ್ತೂಕಾಲಕ್ಕೆ ಮೊದಲ ಭೇಟಿ. ಹುಡುಗ ಬರುವವನು, ಇಚ್ಚ ಕೂತವರು. ಹುಡುಗನೇ ತೊಡಗುತ್ತಾನೆ, ಪೂರ್ತಿ ಸಲಾಂ, ಕೈ ಕೊಡುವುದು, ಮನೆಯವರ ಸೌಖ್ಯ ಕೇಳುವುದು. ಕೈ ಕುಲುಕುವುದನ್ನೂ ಸೌಖ್ಯ ಕೇಳುವುದನ್ನೂ ಇಲ್ಲಿಗೇ ಮುಗಿಸಿಬಿಡಬೇಕು. ಇವೆರಡನ್ನು ಪ್ರತಿ ಭೇಟಿಗೂ ಎಳೆದದ್ದರಿಂದಲೇ ಹಲವರಿಗೆ ಮುಂದಿನ ಸಲಾಂ ಭಾರ ಅಂತ ಅನಿಸಿದ್ದು.

ಒಂಬತ್ತು ಮುಕ್ಕಾಲಿಗೆ ಹುಡುಗ ಶರ್ಟಿನ ಕಟ್ಟು ಹೊತ್ತು ಕೌಂಟರ್ ಪಕ್ಕದಿಂದ ಮೇಲೆ ಹೋಗುತ್ತಾನೆ. ಮಹಡಿ ಅಡ್ಡ ಬಂದಿದೆ, ಹೊಸ ಭೇಟಿಯೇ. 'ಅಸ್ಸಲಾಮು ಅಲೈಕುಂ', ಅಷ್ಟೇ. ಹೆಸರು ಬೇಡ, ನಿಲ್ಲುವುದು ಬೇಡ, ಬೆಳಗ್ಗಿನಷ್ಟು ಸ್ವರವೂ ಬೇಡ. ಇಚ್ಚ ಬಿಲ್ ಬರೆಯುತ್ತಲೇ ಮರಳಿಸುತ್ತಾರೆ. ಗಿರಾಕಿ ಎದುರು ಇದ್ದರೂ ಇದಕ್ಕೆ ಅಡ್ಡಿಯಿಲ್ಲ. ವ್ಯಾಪಾರ ನಡೆಯುವಾಗ ಸಲಾಂ ಹೇಳಬಹುದು, ಉತ್ತರವೂ ಕೊಡಬೇಕು ಎಂದು ನವವಿ (ರ) ಬೇರೆಯಾಗಿಯೇ ಬರೆದಿದ್ದಾರೆ. ಆದರೆ ಇಚ್ಚ ನೋಟು ಎಣಿಸುತ್ತಿದ್ದರೆ ಎಣಿಕೆ ಮುಗಿಯುವವರೆಗೆ ಸುಮ್ಮನಿರುವುದೇ ಚಂದ. ಇದು ಕಿತಾಬಿನ ಮಾತಲ್ಲ, ಅಂಗಡಿಯಲ್ಲಿ ಬೈಸಿಕೊಂಡವರ ಮಾತು.

ಹನ್ನೊಂದರ ಹೊತ್ತಿಗೆ ಚಾ. ಇಚ್ಚನ ಬಾಯಲ್ಲಿ ಪೋಡಿ ಇದೆ. ತುತ್ತು ಬಾಯಲ್ಲಿದ್ದವನಿಗೆ ಸಲಾಂ ಹೇಳುವುದು ಒಳ್ಳೆಯದಲ್ಲ, ಹೇಳಿದರೂ ಅವನು ಮರಳಿಸಲೇಬೇಕೆಂದಿಲ್ಲ. ಒಂದು ನಗು ಸಾಕು, ಪಕ್ಕದಲ್ಲಿ ಕೂತು ಚಾ ತೆಗೆದುಕೊಂಡರೆ ಆಯಿತು. ನಿದ್ದೆ ಮಾಡುವವನು, ಬಚ್ಚಲಲ್ಲಿರುವವನು, ನಮಾಝಿನಲ್ಲಿರುವವನು ಇವರದ್ದೂ ಇದೇ ಲೆಕ್ಕ. ಟಾಯ್ಲೆಟ್ ಬಾಗಿಲಲ್ಲಿ ಎದುರಾದಾಗ ಬರುವ ಮುಜುಗರಕ್ಕೆ ಇಲ್ಲಿ ಉತ್ತರ ಸಿಕ್ಕಿತು: ಒಳಗಿರುವವರೆಗೆ ಇಲ್ಲ, ಹೊರಗೆ ಬಂದ ಮೇಲೆ ಹೇಳಬಹುದು.

ಮಧ್ಯಾಹ್ನಕ್ಕೆ ಮೊದಲು ಮೆಟ್ಟಿಲಲ್ಲಿ ಮುಖಾಮುಖಿ, ಮತ್ತೊಮ್ಮೆ ಸಣ್ಣ ಸಲಾಂ. ಲುಹರ್‌ಗೆ ಮಸೀದಿಯಲ್ಲಿ ಒಂದೇ ಸಫ್‌ನಲ್ಲಿ ನಿಂತು ಒಟ್ಟಿಗೆ ನಡೆದು ವಾಪಸ್ ಬಂದರೆ ಆ ಹೊತ್ತಿಡೀ ಒಂದೇ ಭೇಟಿ. ಸಂಜೆ ನಾಲ್ಕರಿಂದ ಗಿರಾಕಿಗಳ ನೂಕುನುಗ್ಗಲು, ಆಗ ಹುಡುಗ ಹತ್ತು ನಿಮಿಷಕ್ಕೊಮ್ಮೆ ಕೆಳಗೆ ಇಳಿಯಬೇಕು. ಇಲ್ಲಿ ಮಾವರ್ದಿಯವರ ಮಾತು ನಡೆಯುತ್ತದೆ. ಎರಡು ಮೂರು ಸಲಕ್ಕೊಮ್ಮೆ ಸಲಾಂ, ಉಳಿದಂತೆ ಕಣ್ಣು ಕೂಡಿದಾಗ ತಲೆ ಸ್ವಲ್ಪ ಬಾಗಿಸುವುದು, ಅಥವಾ 'ಇಚ್ಚಾ, ಮೂವತ್ತೆಂಟರ ಸೈಜ್ ಮುಗಿಯಿತು' ಎಂಬ ಕೆಲಸದ ಮಾತು. ಕೆಲಸದ ಮಾತೂ ಒಂದು ಬಗೆಯ ಗುರುತಿಸುವಿಕೆಯೇ, ಮಾತಾಡಿದವನನ್ನು ಯಾರೂ ಮುಖ ತಿರುಗಿಸಿದ ಅನ್ನುವುದಿಲ್ಲ.

ರಾತ್ರಿ ಹೊರಡುವಾಗ ಮತ್ತೆ ಪೂರ್ತಿ ಸಲಾಂ. ಸಭೆಗೆ ಬಂದಾಗ ಹೇಳಿದ ಹಾಗೆಯೇ ಏಳುವಾಗಲೂ ಹೇಳಬೇಕು, ಮೊದಲಿನದಕ್ಕೆ ಎರಡನೆಯದಕ್ಕಿಂತ ಹೆಚ್ಚಿನ ಹಕ್ಕಿಲ್ಲ ಎಂಬ ಅರ್ಥದ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಇದನ್ನು ಮರೆಯುವವರೇ ಹೆಚ್ಚು. ಬೆಳಿಗ್ಗೆ ಅಷ್ಟು ಗಡದ್ದಾಗಿ ಸಲಾಂ ಹೇಳಿದ ಹುಡುಗ ರಾತ್ರಿ ಬೈಕ್ ಸ್ಟಾರ್ಟ್ ಮಾಡಿ ಹಾರಿ ಹೋದರೆ ಹಿರಿಯರಿಗೆ ಅದು ಚುಚ್ಚುತ್ತದೆ.

ಉದ್ದದ ಕಾರಿಡಾರ್

ಮೆಟ್ಟಿಲಿಗಿಂತ ಕಷ್ಟದ್ದು ಆಸ್ಪತ್ರೆ, ಕಾಲೇಜುಗಳ ಉದ್ದ ಕಾರಿಡಾರ್. ಮೂವತ್ತು ಮೀಟರ್ ದೂರದಿಂದಲೇ ಇಬ್ಬರಿಗೂ ಗೊತ್ತಾಗಿದೆ. ಈಗಲೇ ಸಲಾಂ ಹೇಳಿದರೆ ಕೂಗಬೇಕು, ಹೇಳದಿದ್ದರೆ ಅಷ್ಟು ದೂರವೂ ಮುಖ ನೋಡುತ್ತಾ ನಡೆಯಬೇಕು. ಆಡಮ್ ಕೆಂಡನ್ ಮತ್ತು ಆಂಡ್ರೂ ಫರ್ಬರ್ ಎಂಬ ಸಂಶೋಧಕರು ಅಮೆರಿಕದ ಒಂದು ಹುಟ್ಟುಹಬ್ಬದ ಪಾರ್ಟಿಯಲ್ಲಿ ಜನ ಪರಸ್ಪರ ವಂದಿಸುವುದನ್ನು ಚಿತ್ರೀಕರಿಸಿ, ಅದನ್ನು ಬಿಡಿಬಿಡಿಯಾಗಿ ನೋಡಿ 1973ರಲ್ಲಿ ಪ್ರಕಟಿಸಿದರು. ಅವರಿಗೆ ಕಂಡದ್ದು, ವಂದನೆ ಎಂಬುದು ಎರಡು ತುಂಡಾಗಿ ನಡೆಯುತ್ತದೆ. ದೂರದಲ್ಲಿ ಒಂದು ಗುರುತು: ಕೈ ಎತ್ತುವುದು, ತಲೆ ಆಡಿಸುವುದು, ನಗು. ಆಮೇಲೆ ಹತ್ತಿರ ಬರುವಾಗ ಕಣ್ಣು ಬೇರೆ ಕಡೆ ಹೋಗುತ್ತದೆ. ಕೊನೆಯ ಕೆಲವು ಹೆಜ್ಜೆಗಳಲ್ಲಿ ಕಣ್ಣು ಮತ್ತೆ ಕೂಡಿ ಬಾಯಿಮಾತಿನ ವಂದನೆ. ನಡುವೆ ಕಣ್ಣು ತಪ್ಪಿಸುವುದು ಅಗೌರವ ಅಲ್ಲ, ಅದು ವಂದನೆಯದ್ದೇ ಒಂದು ಭಾಗ.

ಇದು ಗೊತ್ತಿದ್ದರೆ ಕಾರಿಡಾರ್ ಸುಲಭ. ದೂರದಲ್ಲಿ ಸಣ್ಣ ತಲೆಯಾಟ, ಆಮೇಲೆ ನಿಮ್ಮ ದಾರಿ ನೋಡಿ ನಡೆಯಿರಿ, ನಾಲ್ಕೈದು ಹೆಜ್ಜೆ ಇರುವಾಗ ಮುಖ ಎತ್ತಿ ಸಲಾಂ. ಎಡವುವುದು ಎರಡು ಕಡೆ. ದೂರದ ಗುರುತು ಕೊಟ್ಟಾಯಿತು ಎಂದು ಹತ್ತಿರದ್ದನ್ನು ಬಿಡುವುದು ಒಂದು. ಮೊಬೈಲಿಗೆ ಇಳಿದ ಕಣ್ಣು ಮತ್ತೆ ಮೇಲೇರದೇ ಇರುವುದು ಇನ್ನೊಂದು. ಎದುರಿನವನಿಗೆ ವ್ಯತ್ಯಾಸ ಗೊತ್ತಾಗುವುದೂ ಇದರಿಂದಲೇ: ಕಣ್ಣು ವಾಪಸ್ ಬಂತೋ ಇಲ್ಲವೋ.

ಕೈಸನ್ನೆಯ ಬಗ್ಗೆ ಒಂದು ಮಾತು. ತುಂಬಾ ದೂರ ಇದ್ದಾಗ, ಗಾಜಿನಾಚೆ ಇದ್ದಾಗ, ಕಿವಿ ಕೇಳದವರಿಗೆ ಕೈ ಎತ್ತಿ ಹೇಳಬಹುದು. ಆದರೆ ಬರೀ ಕೈ ಎತ್ತಿದರೆ ಸಲಾಂ ಆಗುವುದಿಲ್ಲ, ಬಾಯಲ್ಲೂ ಹೇಳಬೇಕು. ಪ್ರವಾದಿ (ಸ) ಮಸೀದಿಯಲ್ಲಿ ಕೂತಿದ್ದ ಮಹಿಳೆಯರ ಗುಂಪಿಗೆ ಕೈ ತೋರಿಸಿ ಸಲಾಂ ಹೇಳಿದ್ದನ್ನು ಅಸ್ಮಾ ಬಿಂತ್ ಯಝೀದ್ (ರ) ವರದಿ ಮಾಡಿದ್ದಾರೆ. ನವವಿ (ರ) ಅದನ್ನು ಮಾತು ಮತ್ತು ಸನ್ನೆ ಎರಡೂ ಸೇರಿದ್ದು ಎಂದು ವಿವರಿಸುತ್ತಾರೆ. ಮಹಿಳಾ ಸಹೋದ್ಯೋಗಿಗಳಿಗೆ ಸಲಾಂ ಹೇಳುವ ವಿಷಯದಲ್ಲಿ ಗುಂಪಿಗೂ ಒಬ್ಬರಿಗೂ ಶಾಫಿಈ ಕಿತಾಬುಗಳಲ್ಲಿ ಬೇರೆ ಬೇರೆ ವಿಧಿ ಉಂಟು, ಊರಿನ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಎಲ್ಲಿ ಕೆಡುತ್ತದೆ

ಮೊದಲನೆಯದು ಉಚ್ಚಾರ. ಹತ್ತನೇ ಸಲ ಹೇಳುವಾಗ ನಾಲಿಗೆ ಸೋಮಾರಿಯಾಗಿ 'ಅಸ್ಸಲಾಮು' ಎಂಬುದು 'ಸಾಮಲೈಕುಂ' ಆಗುತ್ತದೆ. 'ಸಲಾಂ' ಎಂದರೆ ಶಾಂತಿ, 'ಸಾಮ್' ಎಂದರೆ ಅರಬಿಯಲ್ಲಿ ಸಾವು. ಮದೀನದಲ್ಲಿ ಕೆಲವರು ಪ್ರವಾದಿ (ಸ) ಅವರಿಗೆ ಬೇಕೆಂದೇ ಹೀಗೆ ಹೇಳಿದ್ದು, ಆಯಿಶಾ (ರ) ಸಿಟ್ಟಾದದ್ದು, ಪ್ರವಾದಿ (ಸ) ಅವರನ್ನು ಸಮಾಧಾನಪಡಿಸಿದ್ದು ಹದೀಸಿನಲ್ಲಿದೆ. ನಮ್ಮವರು ಬೇಕೆಂದು ಹೇಳುವುದಲ್ಲ ನಿಜ. ಆದರೂ ಸಣ್ಣದು ಮಾಡಬೇಕಾದರೆ ಸ್ವರವನ್ನು ಸಣ್ಣ ಮಾಡಿ, ನಿಲ್ಲುವ ಹೊತ್ತನ್ನು ಕಡಿಮೆ ಮಾಡಿ, ಅಕ್ಷರ ನುಂಗಬೇಡಿ.

ಎರಡನೆಯದು ತಮಾಷೆ. 'ಎಂತ ಮಾರಾಯ, ಎಷ್ಟು ಸಲಾಂ ನಿಂದು?' ಎಂದು ಹಿರಿಯನೊಬ್ಬ ನಕ್ಕರೆ ಹುಡುಗ ಮರುದಿನದಿಂದ ಮೊಬೈಲ್ ಹಿಡಿದುಕೊಳ್ಳುತ್ತಾನೆ. ಆಮೇಲೆ 'ಈಗಿನ ಮಕ್ಕಳಿಗೆ ಸಲಾಂ ಇಲ್ಲ' ಎಂದು ದೂರುವುದೂ ಅದೇ ಹಿರಿಯ.

ಇನ್ನು ಕೆಲವರು ಮರಳಿಸುವುದಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇರಬಹುದು, ಕೇಳಿಸದೆ ಇರಬಹುದು. ಕೇಳಿಸಲಿಲ್ಲ ಅನಿಸಿದರೆ ಇನ್ನೊಮ್ಮೆ ಹೇಳಬಹುದು, ಮೂರಕ್ಕೆ ನಿಲ್ಲಿಸಿ. 'ಅವನು ಹೇಗೂ ಮರಳಿಸುವುದಿಲ್ಲ' ಎಂಬ ಅಂದಾಜಿನಿಂದ ಸಲಾಂ ಬಿಟ್ಟು ಬಿಡಬಾರದು ಎಂದು ನವವಿ (ರ) ಬರೆದಿದ್ದಾರೆ, ಯಾಕೆಂದರೆ ಅಂದಾಜು ತಪ್ಪಬಹುದು. ಕೇಳಿಯೂ ಮರಳಿಸದವನಿಗೆ, ಮರಳಿಸುವುದು ಕಡ್ಡಾಯ ಅಂತ ಮೆತ್ತಗೆ ನೆನಪಿಸಬಹುದು ಎಂದೂ ಹೇಳಿದ್ದಾರೆ. ನಾಲ್ಕು ಜನರ ಎದುರು ಮಾತ್ರ ಬೇಡ.

ಬೇರೆ ಧರ್ಮದ ಸಹೋದ್ಯೋಗಿಗಳ ಜೊತೆ

ನಮ್ಮ ಕಡೆ ಒಂದೇ ಕೋಣೆಯಲ್ಲಿ ತುಳು, ಮಲಯಾಳ, ಕೊಂಕಣಿ, ಕನ್ನಡ, ಬ್ಯಾರಿ ಮಾತಾಡುವವರು ಕೂತಿರುತ್ತಾರೆ. ಅಲ್ಲಿ ಬೆಳಗಿನ 'ನಮಸ್ಕಾರ' ಅಥವಾ 'ಗುಡ್ ಮಾರ್ನಿಂಗ್' ಒಮ್ಮೆ ಹೇಳಿದರೆ ಖರ್ಚಾಯಿತು. ಮತ್ತೆ ಮತ್ತೆ ಸಿಕ್ಕಾಗ ಎಂತ? ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1971ರ 'ರಿಲೇಷನ್ಸ್ ಇನ್ ಪಬ್ಲಿಕ್' ಪುಸ್ತಕದಲ್ಲಿ ಇದನ್ನು ಗಮನಿಸಿದ್ದಾರೆ. ಒಟ್ಟಿಗೆ ಕೆಲಸ ಮಾಡುವವರು ಒಂದೇ ದಿನ ಮತ್ತೆ ಮತ್ತೆ ಎದುರಾದಾಗ ವಂದನೆ ಸವೆಯುತ್ತಾ ಹೋಗುತ್ತದೆ, ಮೊದಲು ಮಾತು, ಆಮೇಲೆ ನಗು, ಆಮೇಲೆ ಬರೀ ಕಣ್ಣಿನ ಗುರುತು. ಎಲ್ಲರೂ ಹಾಗೆಯೇ ಮಾಡುವುದರಿಂದ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಪೂರ್ತಿ ಸೊನ್ನೆಗೆ ಇಳಿಸಿದರೆ ಮಾತ್ರ ತೊಂದರೆ.

ಇಲ್ಲಿ ಊರಿನ ಮಾತುಗಳು ಬಹಳ ಉಪಯೋಗಕ್ಕೆ ಬರುತ್ತವೆ. ಹತ್ತು ಗಂಟೆಗೆ 'ಚಾ ಆಂಡಾ', ಒಂದು ಗಂಟೆಗೆ 'ಒಣಸ್ ಆಂಡಾ', ಸಂಜೆ ಚೀಲ ಹೆಗಲಿಗೇರಿಸಿದವನಿಗೆ 'ಹೊರಟದ್ದಾ?' ಉತ್ತರ ಕಣ್ಣೆದುರೇ ಇದ್ದರೂ ಕೇಳುವುದು, ಕೇಳಿದವನಿಗೂ ಕೇಳಿಸಿಕೊಂಡವನಿಗೂ ಅದು ಪ್ರಶ್ನೆ ಅಲ್ಲ ಅಂತ ಗೊತ್ತು. ಒಂದೊಂದು ಹೊತ್ತಿಗೆ ಒಂದೊಂದು ಇರುವುದರಿಂದ ದಿನಕ್ಕೆ ನಾಲ್ಕು ಭೇಟಿ ದಾಟುತ್ತದೆ, ಉಳಿದದ್ದಕ್ಕೆ ನಗು ಸಾಕು.

ಕಾಸರಗೋಡಿನ ಕಡೆ ಹಿಂದೂ, ಕ್ರೈಸ್ತ ಗೆಳೆಯರೂ ಕೆಲವೊಮ್ಮೆ ಪ್ರೀತಿಯಿಂದ 'ಅಸ್ಸಲಾಮು ಅಲೈಕುಂ' ಎನ್ನುವುದುಂಟು. ಇದಕ್ಕೆ ಹೇಗೆ ಉತ್ತರಿಸುವುದು ಎಂಬಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯ ಇದೆ. ವಂದನೆಗೆ ಅದಕ್ಕಿಂತ ಉತ್ತಮವಾಗಿ ಅಥವಾ ಅಷ್ಟೇ ಆಗಿ ಮರಳಿಸಲು ಹೇಳುವ ಕುರ್‌ಆನಿನ ಅನ್ನಿಸಾ ಅಧ್ಯಾಯದ 86ನೇ ಸೂಕ್ತವನ್ನು ಮುಂದಿಟ್ಟು, ಯಾರೇ ಸಲಾಂ ಹೇಳಿದರೂ ಮರಳಿಸಿ ಎಂದು ಇಬ್ನು ಅಬ್ಬಾಸ್ (ರ) ಹೇಳಿದ್ದು ಇಮಾಮ್ ಬುಖಾರಿಯವರ 'ಅಲ್ ಅದಬುಲ್ ಮುಫ್ರದ್'ನಲ್ಲಿದೆ. ಕೇಳಿಸದ ಹಾಗೆ ನಟಿಸಿ ದಾಟುವುದಂತೂ ಯಾರ ಅಭಿಪ್ರಾಯವೂ ಅಲ್ಲ.

ಕೊನೆಗೆ ವಾಟ್ಸ್‌ಆ್ಯಪ್. ಕೆಲಸದ ಗ್ರೂಪಿನಲ್ಲಿ ಬೆಳಿಗ್ಗೆ ಯಜಮಾನ ಸಲಾಂ ಹಾಕುತ್ತಾರೆ. ಕಾಗದದಲ್ಲಿ ಬಂದ ಸಲಾಮಿಗೂ ಅದು ತಲುಪಿದ ಕೂಡಲೇ ಮರಳಿಸಬೇಕು ಎಂದು ಕಿತಾಬುಗಳಲ್ಲಿರುವುದರಿಂದ ಓದಿದ ಕೂಡಲೇ ಬಾಯಲ್ಲೋ ಬರಹದಲ್ಲೋ ಉತ್ತರ ಬೇಕು. ಗ್ರೂಪಿಗೆ ಹಾಕಿದ್ದಾದರೆ ಒಬ್ಬ ಬರೆದರೂ ಸಾಕಾಗುತ್ತದೆ, ನಲುವತ್ತು ಜನ ಬರೆದು ಉಳಿದವರ ಫೋನ್ ಗಂಟೆ ಹೊಡೆಸಬೇಕೆಂದಿಲ್ಲ. ಗ್ರೂಪಿನಲ್ಲಿ ಮರಳಿಸಿ ಆಯಿತು ಎಂದು ಅಂಗಡಿಯಲ್ಲಿ ಎದುರು ಸಿಕ್ಕಾಗ ಸುಮ್ಮನೆ ದಾಟುವವರಿದ್ದಾರೆ. ಅದು ಬೇರೆ ಭೇಟಿ, ಇದು ಬೇರೆ.